ನಮ್ಮೂರ ಶಾಲೆಯ ಗ್ರಂಥಾಲಯಕ್ಕೆ ನೆರವಾದ ಎಲ್ಲರಿಗೂ

ಆತ್ಮೀಯರೇ, ನಮಸ್ಕಾರ.

ಕಳೆದ ಏಪ್ರಿಲ್‌ನಲ್ಲಿ, ಸಾಗರ ತಾಲ್ಲೂಕಿನ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಒಂದು ಗ್ರಂಥಾಲಯ ಬೇಕೆಂದು ನಿಮ್ಮನ್ನು ಕೇಳಿಕೊಂಡಿದ್ದೆವು. 143 ಮಂದಿ ಕೈಜೋಡಿಸಿದಿರಿ. ಶಾಲೆಯ ಎಸ್‌ಡಿಎಂಸಿ ಖಾತೆಗೆ ಒಟ್ಟು 1,86,400 ರೂಪಾಯಿ ಬಂತು. ಜುಲೈ ಮೊದಲ ವಾರದಿಂದ ಗ್ರಂಥಾಲಯ ನಡೆಯುತ್ತಿದೆ. ಹಣ ತಲುಪಿದ ಕೂಡಲೇ ನಿಮಗೆಲ್ಲ ರಸೀದಿ ಕಳಿಸಿದ್ದೆವು, ಈ ಪತ್ರವನ್ನು ಮಾತ್ರ ನವೆಂಬರ್ ಮುಗಿಯುವವರೆಗೆ ತಡೆದಿಟ್ಟುಕೊಂಡೆವು. ರಿಬ್ಬನ್ ಕತ್ತರಿಸಿದ ಫೋಟೋ ಕಳಿಸುವುದು ಸುಲಭವಿತ್ತು. ಪುಸ್ತಕಗಳನ್ನು ಮಕ್ಕಳು ಮನೆಗೆ ಒಯ್ಯುತ್ತಾರೆಯೇ, ಓದುತ್ತಾರೆಯೇ, ತಿರುಗಿ ತರುತ್ತಾರೆಯೇ ಎಂಬುದನ್ನು ನೋಡಿಕೊಂಡು ಬರೆದರೆ ಅದು ನಿಮಗೆ ಸಲ್ಲಬೇಕಾದ ಲೆಕ್ಕ ಎನ್ನಿಸಿತು.

ಮೊದಲು ಕೃತಜ್ಞತೆ. ನಿಮ್ಮಲ್ಲಿ ಅರ್ಧದಷ್ಟು ಜನ ಇದೇ ಶಾಲೆಯ ಬೆಂಚಿನಲ್ಲಿ ಕೂತು ಹೋದವರು. ಈಗ ಬೆಂಗಳೂರು, ಪುಣೆ, ಮಸ್ಕತ್‌ಗಳಲ್ಲಿ ಇರುವವರು. ಉಳಿದವರಲ್ಲಿ ಹಲವರು ನಮ್ಮೂರನ್ನು ನೋಡಿಯೇ ಇಲ್ಲ. ಸ್ನೇಹಿತರು ಕಳಿಸಿದ ಮೆಸೇಜ್ ಓದಿ ನಂಬಿ ಹಣ ಹಾಕಿದಿರಿ. ಅತಿ ದೊಡ್ಡ ಮೊತ್ತ 15,000 ರೂಪಾಯಿ, ಅತಿ ಚಿಕ್ಕದು 50. ಆ ಐವತ್ತು ರೂಪಾಯಿ ನಮ್ಮದೇ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕ ಕೊಟ್ಟದ್ದು. ಒಬ್ಬರು 501 ರೂಪಾಯಿ ಕಳಿಸಿ, ‘ಓದು ಬಾರದಿದ್ದರೂ ನನ್ನನ್ನು ಓದಿಸಿದ ಅವ್ವನ ಹೆಸರಲ್ಲಿ’ ಎಂದು ಬರೆದಿದ್ದರು. ಆ ಸಾಲನ್ನು ನಮ್ಮ ಶಿಕ್ಷಕರ ಕೊಠಡಿಯಲ್ಲಿ ಎಲ್ಲರೂ ಓದಿದ್ದೇವೆ. ದೊಡ್ಡದು ಚಿಕ್ಕದು ಎನ್ನದೆ ಎಲ್ಲ ಹೆಸರನ್ನೂ ಅಕಾರಾದಿಯಾಗಿ ಒಂದೇ ಅಳತೆಯ ಅಕ್ಷರದಲ್ಲಿ ಬರೆಸಿ ಕೊಠಡಿಯ ಗೋಡೆಗೆ ಹಾಕಿದ್ದೇವೆ. ಹೆಸರು ಬೇಡವೆಂದವರದನ್ನು ಹಾಕಿಲ್ಲ.

ಇನ್ನು ಖರ್ಚು. 612 ಹೊಸ ಪುಸ್ತಕಗಳಿಗೆ ರಿಯಾಯಿತಿ ಕಳೆದು 78,650 ರೂಪಾಯಿ. ಗಾಜಿನ ಬಾಗಿಲಿನ ಎರಡು ಕಬ್ಬಿಣದ ಕಪಾಟಿಗೆ 31,000. ಒಂದನೇ ತರಗತಿಯವರ ಕೈಗೂ ಎಟಕುವಂತೆ ಊರಿನ ಬಡಗಿಯಿಂದ ಮಾಡಿಸಿದ ನಾಲ್ಕು ತಗ್ಗಿನ ರ‍್ಯಾಕ್‌ಗಳಿಗೆ 26,400. ಹಳೆಯ ಉಗ್ರಾಣದ ಕೊಠಡಿಗೆ ಹೆಂಚು ಕೈಯಾಡಿಸಿ, ರೀಪು ಬದಲಿಸಿ, ಕಿಟಕಿಗೆ ಜಾಲರಿ ಹಾಕಿ, ಸುಣ್ಣ ಬಳಿಸಿದ್ದಕ್ಕೆ 22,750. ಚಾಪೆ, ಎಲ್‌ಇಡಿ ಬಲ್ಬು, ರಿಜಿಸ್ಟರ್, ಪುಸ್ತಕದ ಹೊದಿಕೆ, ಲೇಬಲ್ಲುಗಳಿಗೆ 9,300. ಸಾಗಣೆಗೆ 3,200. ಎಲ್ಲ ಸೇರಿ 1,71,300 ರೂಪಾಯಿ ಖರ್ಚಾಗಿದೆ, 15,100 ರೂಪಾಯಿ ಖಾತೆಯಲ್ಲೇ ಇದೆ. ಹೆಂಚಿನ ಕೆಲಸಕ್ಕೆ ಊರಿನ ಯುವಕರು ಕೂಲಿ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೆ ಈ ಲೆಕ್ಕ ಬೇರೆಯೇ ಆಗುತ್ತಿತ್ತು. ಬಿಲ್ಲುಗಳ ಪ್ರತಿಗಳನ್ನು ಈ ಪತ್ರದ ಜೊತೆ ಕಳಿಸಿದ್ದೇವೆ.

ನಾವು ಕೇಳಿದ್ದು 2,25,000. ಬಂದದ್ದು ಅದಕ್ಕಿಂತ ಕಡಿಮೆಯಾದ್ದರಿಂದ ಓದುವ ಮೇಜು ಮತ್ತು ಕುರ್ಚಿಗಳನ್ನು ಪಟ್ಟಿಯಿಂದ ಬಿಟ್ಟೆವು. ಪುಸ್ತಕಕ್ಕೆಂದು ಎತ್ತಿಟ್ಟ ಹಣದಲ್ಲಿ ಒಂದು ರೂಪಾಯಿಯನ್ನೂ ಕಡಿಮೆ ಮಾಡಲಿಲ್ಲ. ಮಕ್ಕಳು ಚಾಪೆಯ ಮೇಲೆ ಕೂತೋ ಬೋರಲು ಮಲಗಿಯೋ ಓದುತ್ತಾರೆ. ಮೇಜಿನ ಕೊರತೆ ಅವರಿಗೆ ಕಂಡಂತಿಲ್ಲ.

ಪುಸ್ತಕ ಆರಿಸಲು ಇಬ್ಬರು ಶಿಕ್ಷಕರ ಜೊತೆ ಎಸ್‌ಡಿಎಂಸಿಯ ಇಬ್ಬರು ತಾಯಂದಿರೂ ಬಂದಿದ್ದರು. ಅವರು ಬಂದದ್ದು ತುಂಬಾ ಒಳ್ಳೆಯದಾಯಿತು. ನಾವು ಶಿಕ್ಷಕರು ‘ಉಪಯುಕ್ತ’ ಪುಸ್ತಕದ ಕಡೆಗೆ ಕೈಹಾಕಿದರೆ ಅವರು ಪುಟ ತೆರೆದು, ‘ಅಕ್ಷರ ಇಷ್ಟು ಸಣ್ಣ ಇದ್ರೆ ನಮ್ಮ ಹುಡುಗ ಮುಟ್ಟೋದಿಲ್ಲ ಮೇಡಂ’ ಎನ್ನುತ್ತಿದ್ದರು. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್, ನವಕರ್ನಾಟಕದ ಮಕ್ಕಳ ಪುಸ್ತಕಗಳು ಹೆಚ್ಚು ಬಂದಿವೆ. ಕೊಳ್ಳುವ ಮೊದಲು ಮಕ್ಕಳನ್ನೂ ಕೇಳಿದ್ದೆವು. ದೆವ್ವ, ಕ್ರಿಕೆಟ್, ಹಾವು, ವಿಮಾನ ಎಂದು ಬರೆದುಕೊಟ್ಟಿದ್ದರು. ನಾಲ್ಕನ್ನೂ ತಂದಿದ್ದೇವೆ.

ನಿಮ್ಮಲ್ಲಿ ಕೆಲವರು ಹಣದ ಬದಲು ಮನೆಯಲ್ಲಿದ್ದ ಪುಸ್ತಕಗಳನ್ನೇ ಕಳಿಸಿದಿರಿ. ಬಂದ 212ರಲ್ಲಿ ಮಕ್ಕಳಿಗೆ ಹೊಂದುವ 87ನ್ನು ಇಟ್ಟುಕೊಂಡಿದ್ದೇವೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು, ದೊಡ್ಡವರ ಕಾದಂಬರಿಗಳನ್ನು ಗ್ರಾಮ ಪಂಚಾಯತಿಯ ಅರಿವು ಕೇಂದ್ರಕ್ಕೆ ಕೊಟ್ಟೆವು. ಅಲ್ಲಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿದ್ದಾರೆ. ಅರಿವು ಕೇಂದ್ರ ಚೆನ್ನಾಗಿ ನಡೆಯುತ್ತಿದೆ, ಆದರೆ ನಮ್ಮೂರಿನಿಂದ ಐದು ಕಿಲೋಮೀಟರ್ ದೂರ. ನಡುವೆ ಹಳ್ಳವಿದೆ. ಮಳೆಗಾಲದಲ್ಲಿ ಏಳೆಂಟು ವರ್ಷದ ಮಗುವನ್ನು ಅಲ್ಲಿಗೆ ಯಾರೂ ಕಳಿಸುವುದಿಲ್ಲ. ಶಾಲೆಯೊಳಗೇ ಪುಸ್ತಕ ಬೇಕೆಂದು ನಾವು ಹಟ ಹಿಡಿದದ್ದು ಇದಕ್ಕೇ.

ಈಗ ಮುಖ್ಯ ವಿಷಯ. ಶಾಲೆಯಲ್ಲಿ ಒಂದರಿಂದ ಏಳನೇ ತರಗತಿಯವರೆಗೆ 86 ಮಕ್ಕಳಿದ್ದಾರೆ. ಪ್ರತಿ ತರಗತಿಗೂ ವಾರಕ್ಕೊಂದು ಗ್ರಂಥಾಲಯ ಪೀರಿಯಡ್ಡು. ಅಂದು ಒಂದು ಪುಸ್ತಕ ಮನೆಗೆ ಒಯ್ಯಬಹುದು. ಓದಿ ಮುಗಿದರೆ ವಾರದ ನಡುವೆಯೂ ಬದಲಿಸಿಕೊಳ್ಳಬಹುದು. ರಿಜಿಸ್ಟರ್‌ನಲ್ಲಿ ಹೆಸರನ್ನು ಮಗುವೇ ಬರೆಯಬೇಕು. ಹೆಸರು ಬರೆಯಲು ಇನ್ನೂ ಕಲಿಯದ ನಲಿ-ಕಲಿ ಮಕ್ಕಳು ತಮ್ಮದೇ ಗುರುತು ಹಾಕುತ್ತಾರೆ. ಒಬ್ಬಳದು ದಾಸವಾಳ, ಇನ್ನೊಬ್ಬನದು ಟ್ರ್ಯಾಕ್ಟರ್. ಜುಲೈನಲ್ಲಿ ಮಳೆ ರಜೆಗಳ ನಡುವೆ 96 ಸಲ ಪುಸ್ತಕ ಹೊರಗೆ ಹೋಯಿತು. ಆಗಸ್ಟ್‌ನಲ್ಲಿ 218, ಸೆಪ್ಟೆಂಬರ್‌ನಲ್ಲಿ 254, ದಸರಾ ರಜೆಯ ಅಕ್ಟೋಬರ್‌ನಲ್ಲಿ 187, ನವೆಂಬರ್‌ನಲ್ಲಿ 281. ಒಟ್ಟು 1,036.

ಒಯ್ದದ್ದೆಲ್ಲ ಓದಿದ್ದೆಂದು ನಾವು ಹೇಳುವುದಿಲ್ಲ. ಚಿತ್ರ ನೋಡಿ ತಂದದ್ದೂ ಇದೆ, ಚೀಲದಲ್ಲೇ ಉಳಿದು ಮರಳಿದ್ದೂ ಇದೆ. 58 ಮಕ್ಕಳು ಎಂಟು ಅಥವಾ ಅದಕ್ಕಿಂತ ಹೆಚ್ಚು ಸಲ ಪುಸ್ತಕ ಒಯ್ದಿದ್ದಾರೆ. 19 ಮಕ್ಕಳು ಮೂರರಿಂದ ಏಳು ಸಲ. ಉಳಿದ ಒಂಬತ್ತು ಮಕ್ಕಳು ಒಂದೆರಡು ಸಲ ಒಯ್ದು ನಿಲ್ಲಿಸಿದ್ದಾರೆ, ಇಲ್ಲವೇ ಒಯ್ದೇ ಇಲ್ಲ. ಈ ಒಂಬತ್ತರಲ್ಲಿ ಹೆಚ್ಚಿನವರು ನಾಲ್ಕು, ಐದನೇ ತರಗತಿಯವರು, ಒತ್ತಕ್ಷರ ಬಂದಲ್ಲೆಲ್ಲ ತಡವರಿಸುವವರು. ಪುಸ್ತಕ ಕಪಾಟಿನಲ್ಲಿ ಇದ್ದ ಮಾತ್ರಕ್ಕೆ ಇವರಿಗೆ ಓದು ಬರುವುದಿಲ್ಲ. ದಸರಾ ಕಳೆದ ಮೇಲೆ ಏಳನೇ ತರಗತಿಯವರನ್ನು ಒಬ್ಬೊಬ್ಬರಿಗೆ ಜೊತೆ ಮಾಡಿ, ಊಟದ ನಂತರ ಹದಿನೈದು ನಿಮಿಷ ಒಟ್ಟಿಗೆ ಓದಿಸುತ್ತಿದ್ದೇವೆ. ಫಲ ಹೇಗಿದೆ ಎಂದು ಹೇಳುವುದು ಈಗಲೇ ಅವಸರವಾದೀತು. ಪರೀಕ್ಷೆಯ ಅಂಕಗಳಿಗೂ ಗ್ರಂಥಾಲಯಕ್ಕೂ ಗಂಟು ಹಾಕಿ ನಿಮಗೆ ಏನನ್ನೂ ಹೇಳಲು ನನಗೆ ಮನಸ್ಸಿಲ್ಲ.

ಕಣ್ಣಿಗೆ ಕಂಡ ಎರಡು ಸಂಗತಿಗಳನ್ನು ಮಾತ್ರ ಹೇಳುತ್ತೇನೆ. ಮಕ್ಕಳ ಹೆಸರು ಬರೆಯುವುದಿಲ್ಲ, ಫೋಟೋಗಳಲ್ಲೂ ಮುಖ ತೋರಿಸಿಲ್ಲ. ಹೆತ್ತವರ ಜೊತೆ ಹಾಗೆಂದೇ ಮಾತಾಗಿದೆ.

ಅತಿ ಹೆಚ್ಚು ಓಡಾಡಿದ್ದು ಹಾವುಗಳ ಚಿತ್ರವಿರುವ ಪುಸ್ತಕ. ಅದರ ಎರಡು ಪ್ರತಿಗಳು ಸೇರಿ 31 ಸಲ ಮನೆಗಳಿಗೆ ಹೋಗಿವೆ. ನಾಲ್ಕನೇ ತರಗತಿಯ ಹುಡುಗನೊಬ್ಬ, ಪಠ್ಯಪುಸ್ತಕ ಕೊಟ್ಟರೆ ಮುಖ ತಿರುಗಿಸುವವನು, ಇದನ್ನು ಮೂರು ವಾರ ಬಿಟ್ಟುಕೊಡಲಿಲ್ಲ. ಒಂದು ದಿನ ನನ್ನ ಮೇಜಿನ ಹತ್ತಿರ ಬಂದು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ‘ಕೇ-ರೆ ಹಾ-ವಿ-ಗೆ ವಿ-ಷ-ವಿ-ಲ್ಲ’ ಎಂದು ಓದಿದ. ‘ಲ್ಲ’ದ ಹತ್ತಿರ ನಿಂತ, ತುಟಿಯೊಳಗೇ ಎರಡು ಸಲ ಹೇಳಿಕೊಂಡು ಮುಗಿಸಿದ. ಆಮೇಲೆ, ‘ಮಿಸ್, ನಮ್ಮಪ್ಪ ತೋಟದಲ್ಲಿ ಕಂಡ್ರೆ ಹೊಡೀತಾರೆ. ಇದನ್ನ ಓದಿ ಹೇಳ್ಬೇಕು’ ಎಂದ. ಅಪ್ಪ ಹೊಡೆಯುವುದನ್ನು ಬಿಟ್ಟರೋ ಇಲ್ಲವೋ ನಾನು ಕೇಳಿಲ್ಲ. ಆ ಪುಟವನ್ನು ಮಾತ್ರ ಅವನು ಈಗ ನಿಲ್ಲದೆ ಓದುತ್ತಾನೆ.

ಇನ್ನೊಂದು ಒಂದು ಅಜ್ಜಿಯ ಮಾತು. ಅಡಿಕೆ ಕೊಯ್ಲು ಶುರುವಾದ ಮೇಲೆ ಸಂಜೆ ಹೊತ್ತು ಮನೆಮಂದಿಯೆಲ್ಲ ಸುಲಿಯಲು ಕೂರುತ್ತಾರೆ. ಆರನೇ ತರಗತಿಯ ನಮ್ಮ ಹುಡುಗಿಯೊಬ್ಬಳು ಅಲ್ಲೇ ಬಲ್ಬಿನ ಕೆಳಗೆ ಗಟ್ಟಿಯಾಗಿ ಕತೆ ಓದುತ್ತಾಳಂತೆ. ಅವಳಿಗೆ ಜ್ವರ ಬಂದು ಎರಡು ದಿನ ಶಾಲೆಗೆ ಬಾರದಿದ್ದಾಗ ಪುಸ್ತಕ ಬದಲಿಸಲು ಅಜ್ಜಿಯೇ ಬಂದರು. ‘ಇದು ಮುಗೀತು ಮೇಡಂ. ಇದಕ್ಕಿಂತ ಸ್ವಲ್ಪ ಉದ್ದ ಇರೋದು ಕೊಡಿ, ಒಂದು ಮೂಟೆ ಸುಲಿಯೋವಷ್ಟು ಹೊತ್ತು ಬರ್ಬೇಕು’ ಎಂದು ಕೇಳಿ ಒಯ್ದರು. ನಾವು ಮಕ್ಕಳಿಗೆಂದು ತಂದ ಪುಸ್ತಕ ಒಂದು ಜಗುಲಿಯಷ್ಟು ಜನರಿಗೆ ಮುಟ್ಟಿದೆ ಎಂದು ಅಂದೇ ತಿಳಿದದ್ದು.

ಸರಿಹೋಗದೇ ಉಳಿದದ್ದೂ ಇದೆ. ಆರು ಪುಸ್ತಕಗಳು ಕಳೆದಿವೆ, ಮೂರು ಹರಿದಿವೆ. ಅದರಲ್ಲಿ ಒಂದನ್ನು ಕೊಟ್ಟಿಗೆಯಲ್ಲಿ ಕರು ಅಗಿದದ್ದು. ಯಾವ ಮಗುವಿನಿಂದಲೂ ದಂಡ ವಸೂಲಿ ಮಾಡಿಲ್ಲ, ಮಾಡುವುದೂ ಇಲ್ಲ. ದಂಡದ ಭಯ ಹುಟ್ಟಿದರೆ ಪುಸ್ತಕ ಒಯ್ಯುವುದೇ ನಿಂತುಹೋಗುತ್ತದೆ. ಮಲೆನಾಡಿನ ಮಳೆ ದೊಡ್ಡ ತೊಂದರೆ. ಕೊಠಡಿಯ ಪಡುವಣ ಗೋಡೆ ಈಗಲೂ ಥಂಡಿ ಹೀರುತ್ತದೆ. ಆಗಸ್ಟ್‌ನಲ್ಲಿ ಹನ್ನೊಂದು ಪುಸ್ತಕಗಳಿಗೆ ಬೂಸ್ಟು ಬಂದಿತ್ತು. ಒರೆಸಿ, ಬಿಸಿಲು ಬಿದ್ದ ದಿನ ಬಿಡಿಸಿಟ್ಟು ಒಣಗಿಸಿದೆವು. ಕಪಾಟುಗಳನ್ನು ಗೋಡೆಯಿಂದ ಒಂದು ಮೊಳ ಮುಂದಕ್ಕೆ ಎಳೆದಿದ್ದೇವೆ. ಗೋಡೆಯ ಹೊರಗೆ ಕಲ್ಲು ಕಟ್ಟಿ ನೀರು ಆಚೆ ಹೋಗುವಂತೆ ಮಾಡಿಕೊಡಲು ಪಂಚಾಯತಿಗೆ ಅರ್ಜಿ ಕೊಟ್ಟಿದ್ದೇವೆ. ಒಂದನೇ, ಎರಡನೇ ತರಗತಿಯವರಿಗೆ ಪುಟಕ್ಕೆ ಒಂದೆರಡೇ ಸಾಲಿರುವ ಪುಸ್ತಕಗಳು ಸಾಲುತ್ತಿಲ್ಲ. ಉಳಿದ 15,100 ರೂಪಾಯಿಯಲ್ಲಿ ಮೊದಲು ಅವನ್ನೇ ತರುತ್ತೇವೆ. ಕಳೆದ ಪುಸ್ತಕಗಳಲ್ಲಿ ಮಕ್ಕಳು ಮತ್ತೆ ಮತ್ತೆ ಕೇಳುವ ಎರಡನ್ನೂ ಕೊಳ್ಳುತ್ತೇವೆ.

ಈ ಪತ್ರದ ಜೊತೆ ನಾವು ಮತ್ತೆ ಹಣ ಕೇಳುತ್ತಿಲ್ಲ. ‘ಇನ್ನೇನು ಬೇಕು ಮೇಡಂ’ ಎಂದು ಫೋನು ಮಾಡಿದವರಿಗೆ ನನ್ನ ಉತ್ತರ ಒಂದೇ: ಊರ ಕಡೆ ಬಂದಾಗ ಒಂದು ಗಂಟೆ ನಮ್ಮ ಮಕ್ಕಳ ಜೊತೆ ಕೂತು ಒಂದು ಕತೆ ಓದಿ ಹೇಳಿ. ಶನಿವಾರ ಬೆಳಗಿನ ಶಾಲೆ ಇರುತ್ತದೆ, ಅಂದು ಬಂದರೆ ಅನುಕೂಲ. ಬರುವ ಮುನ್ನ ಶಾಲೆಗೆ ಒಂದು ಮಾತು ತಿಳಿಸಿ. ರಿಜಿಸ್ಟರ್, ಬಿಲ್ಲು, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಯಾವ ದಾನಿ ಬಂದರೂ ತೆರೆದು ನೋಡಬಹುದು. ಇಡೀ ವರ್ಷದ ವರದಿಯನ್ನು ಏಪ್ರಿಲ್‌ನಲ್ಲಿ ಕಳಿಸುತ್ತೇವೆ. ಆ ಒಂಬತ್ತು ಮಕ್ಕಳ ವಿಷಯ ಅದರಲ್ಲಿ ಮೊದಲು ಇರುತ್ತದೆ.

ನೀವು ನಂಬಿ ಕೊಟ್ಟಿರಿ. ನಮ್ಮ 86 ಮಕ್ಕಳ, ಅವರ ಮನೆಯವರ, ನಮ್ಮ ಶಿಕ್ಷಕರೆಲ್ಲರ ಪರವಾಗಿ ನಿಮಗೆ ಮನಸಾರೆ ಧನ್ಯವಾದಗಳು.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ
ಎಸ್‌ಡಿಎಂಸಿ ಹಾಗೂ ಶಿಕ್ಷಕ ವೃಂದದ ಪರವಾಗಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ