ತಲೆ ತಗ್ಗಿಸುವ ಹೊತ್ತು

ಮಕ್ಕಳ ಸಾಕ್ಷ್ಯಚಿತ್ರದ ನಿರೂಪಣೆ. ಒಂದೇ ಧ್ವನಿ. ಆವರಣದೊಳಗಿನ ಸಾಲುಗಳು ದೃಶ್ಯ ಮತ್ತು ಶಬ್ದದ ಸೂಚನೆಗಳು, ಅವನ್ನು ಓದಬಾರದು.

[ಸಂಜೆ 6.10. ಬಿರುಕು ಬಿಟ್ಟ ಒಣ ಕೆಸರು. ಕ್ಯಾಮೆರಾ ನಿಧಾನವಾಗಿ ನೀರಿನತ್ತ ಸರಿಯುತ್ತದೆ. ಜೀರುಂಡೆಗಳ ಸದ್ದು.]

ಮಕ್ಕಳೇ, ಇದು ಏಪ್ರಿಲ್ ತಿಂಗಳ ಕಾಡು. ಮರಗಳು ಎಲೆ ಉದುರಿಸಿ ನಿಂತಿವೆ, ಹಳ್ಳಗಳು ಬತ್ತಿವೆ, ಮಳೆಗಾಲದಲ್ಲಿ ಕೆರೆಯಂತೆ ಹರಡಿಕೊಂಡಿದ್ದ ನೀರು ಕುಗ್ಗುತ್ತಾ ಕುಗ್ಗುತ್ತಾ ನಿಮ್ಮ ತರಗತಿಯ ಕೋಣೆಯಷ್ಟು ಅಗಲದ ಒಂದು ಹೊಂಡವಾಗಿ ಉಳಿದಿದೆ. ಸುತ್ತಲಿನ ಪ್ರಾಣಿಗಳೆಲ್ಲ ಈ ನೀರಿಗೇ ಬರಬೇಕು. ಜಿಂಕೆಯೂ ಬರಬೇಕು, ಜಿಂಕೆಯನ್ನು ತಿನ್ನುವ ಹುಲಿಯೂ ಬರಬೇಕು.

ನಾವು ಹೊಂಡದಿಂದ ಸ್ವಲ್ಪ ದೂರದ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಕುಳಿತಿದ್ದೇವೆ. ಗಾಳಿ ನೀರಿನ ಕಡೆಯಿಂದ ನಮ್ಮ ಕಡೆಗೆ ಬೀಸುವಂತಹ ಮರವನ್ನೇ ಹುಡುಕಿ ಆರಿಸಿದ್ದೇವೆ, ಏಕೆಂದರೆ ನಮ್ಮ ವಾಸನೆ ಆ ಕಡೆಗೆ ಹೋದರೆ ಇಂದು ರಾತ್ರಿ ಯಾರೂ ನೀರಿಗೆ ಇಳಿಯುವುದಿಲ್ಲ. ಬೆಳಗಾಗುವವರೆಗೆ ನೀವು ಒಂದು ಸಂಗತಿಯನ್ನು ಮಾತ್ರ ಗಮನಿಸುತ್ತಿರಿ: ನೀರು ಕುಡಿಯಬೇಕಾದರೆ ತಲೆ ತಗ್ಗಿಸಬೇಕು, ತಲೆ ತಗ್ಗಿಸಿದವರಿಗೆ ಸುತ್ತಲಿನ ಅಪಾಯ ಸರಿಯಾಗಿ ಕಾಣುವುದಿಲ್ಲ. ಈ ತೊಡಕನ್ನು ಯಾರು ಹೇಗೆ ನಿಭಾಯಿಸುತ್ತಾರೆ ಎಂಬುದನ್ನು ನೋಡೋಣ.

[ಎರಡು ಬೆಳವಗಳು ದಡಕ್ಕಿಳಿಯುತ್ತವೆ. ಹತ್ತಿರದ ಚಿತ್ರ: ಕೊಕ್ಕು ನೀರಿನಲ್ಲಿ ಮುಳುಗಿದೆ.]

ಕೋಳಿ ನೀರು ಕುಡಿಯುವುದನ್ನು ನೋಡಿದ್ದೀರಾ? ಒಂದು ಗುಟುಕು ಬಾಯಿಗೆ ತೆಗೆದುಕೊಂಡು, ತಲೆಯನ್ನು ಮೇಲಕ್ಕೆತ್ತಿ ಅದನ್ನು ಗಂಟಲಿಗೆ ಇಳಿಸುತ್ತದೆ. ಹೆಚ್ಚಿನ ಹಕ್ಕಿಗಳು ಕುಡಿಯುವುದು ಹೀಗೆಯೇ. ಪಾರಿವಾಳ, ಬೆಳವಗಳ ರೀತಿ ಬೇರೆ. ಅವು ಕೊಕ್ಕನ್ನು ನೀರಿನಲ್ಲಿಟ್ಟು, ತಲೆ ಎತ್ತದೆ, ಒಂದೇ ಸಮನೆ ಹೀರಿಕೊಳ್ಳುತ್ತವೆ. ಬೇಗ ಕುಡಿದು ಬೇಗ ಹಾರಿಹೋಗುವುದಕ್ಕೆ ಇದು ಅನುಕೂಲ. ನೋಡಿ, ಆಗಲೇ ಹೊರಟುಹೋದವು.

[ಸಂಜೆ 6.40. ಪೊದೆಗಳ ನಡುವೆ ಚುಕ್ಕೆ ಜಿಂಕೆಗಳ ಹಿಂಡು.]

ಜಿಂಕೆಗಳು ಬಂದಿವೆ, ಆದರೆ ನೀರಿಗೆ ಬಂದಿಲ್ಲ. ಪೊದೆಯಂಚಿನಲ್ಲಿ ನಿಂತು ಕಿವಿಗಳನ್ನು ಒಂದೊಂದಾಗಿ ಬೇರೆ ಬೇರೆ ದಿಕ್ಕಿಗೆ ತಿರುಗಿಸುತ್ತಿವೆ. ಮುಂದಿರುವ ಹೆಣ್ಣು ಜಿಂಕೆ ಒಂದು ಹೆಜ್ಜೆ ಇಡುತ್ತದೆ, ನಿಲ್ಲುತ್ತದೆ, ಕಾಲನ್ನು ಗಾಳಿಯಲ್ಲೇ ಎತ್ತಿ ಹಿಡಿದು ಯೋಚಿಸುತ್ತದೆ. ಪೊದೆಯಿಂದ ನೀರಿಗೆ ಇಪ್ಪತ್ತು ಹೆಜ್ಜೆಯಷ್ಟೇ ಇದೆ. ಆ ಇಪ್ಪತ್ತು ಹೆಜ್ಜೆಗೆ ಅವು ತೆಗೆದುಕೊಂಡದ್ದು ಹನ್ನೆರಡು ನಿಮಿಷ. ನಾನು ಗಡಿಯಾರ ನೋಡಿಕೊಂಡೇ ಹೇಳುತ್ತಿದ್ದೇನೆ.

[ಜಿಂಕೆಗಳು ಸಾಲಾಗಿ ಬಾಗಿ ಕುಡಿಯುತ್ತಿವೆ. ಕೆಲವು ತಲೆ ಎತ್ತಿವೆ.]

ಈಗ ಸಾಲನ್ನು ಎಡದಿಂದ ಬಲಕ್ಕೆ ನೋಡಿ. ಎಲ್ಲ ತಲೆಗಳೂ ಒಮ್ಮೆಗೇ ಕೆಳಗಿರುವುದು ಅಪರೂಪ. ಒಂದು ಬಾಗಿದಾಗ ಇನ್ನೊಂದು ಎದ್ದಿರುತ್ತದೆ, ಹೀಗಾಗಿ ಯಾವುದೋ ಒಂದು ಜೊತೆ ಕಣ್ಣು ಕಾಡಿನ ಮೇಲೆ ಇದ್ದೇ ಇರುತ್ತದೆ. ಕಣ್ಣುಗಳು ಇರುವ ಜಾಗವನ್ನೂ ಗಮನಿಸಿ. ನಮ್ಮ ಕಣ್ಣುಗಳು ಮುಖದ ಮುಂಭಾಗದಲ್ಲಿವೆ, ಜಿಂಕೆಯವು ತಲೆಯ ಎರಡು ಪಕ್ಕಗಳಲ್ಲಿವೆ. ಆದ್ದರಿಂದ ಕತ್ತು ತಿರುಗಿಸದೆಯೇ ಅದಕ್ಕೆ ಬೆನ್ನ ಹಿಂದಿನವರೆಗೂ ಬಹಳಷ್ಟು ಕಾಣುತ್ತದೆ. ಮೇಕೆ, ಕುರಿ, ಕುದುರೆಗಳ ಕಣ್ಣಿನ ಪಾಪೆ ಅಡ್ಡಗೆರೆಯಂತೆ ಇರುವುದನ್ನು ನೀವು ನೋಡಿರಬಹುದು. ಅವು ಮೇಯಲು ತಲೆ ತಗ್ಗಿಸಿದಾಗ ಕಣ್ಣುಗುಡ್ಡೆಯೇ ತಿರುಗಿಕೊಂಡು ಆ ಗೆರೆಯನ್ನು ನೆಲಕ್ಕೆ ಸಮಾನಾಂತರವಾಗಿ ಉಳಿಸುತ್ತದೆ. ಮುಂದಿನ ಬಾರಿ ಮೇಕೆ ಎದುರಾದರೆ ಬಗ್ಗಿ ನೋಡಿ, ಆದರೆ ಅದರ ಕೊಂಬಿನಿಂದ ಸ್ವಲ್ಪ ದೂರದಲ್ಲಿರಿ.

[ರಾತ್ರಿ 7.30. ಪರದೆ ಕಪ್ಪು. ಮೂರು ಸೆಕೆಂಡುಗಳ ನಂತರ ಕಪ್ಪು–ಬಿಳುಪು ಚಿತ್ರ ಮೂಡುತ್ತದೆ.]

ಕತ್ತಲಾಯಿತು. ಈ ಚಿತ್ರ ಕಪ್ಪು–ಬಿಳುಪಾಗಿರುವುದು ಕ್ಯಾಮೆರಾ ಕೆಟ್ಟಿರುವುದರಿಂದಲ್ಲ. ನಾವೀಗ ಅವಗೆಂಪು ಬೆಳಕನ್ನು ಬಳಸುತ್ತಿದ್ದೇವೆ. ನಮ್ಮ ಕಣ್ಣಿಗೆ ಆ ಬೆಳಕು ಕಾಣುವುದಿಲ್ಲ, ಕ್ಯಾಮೆರಾಗೆ ಕಾಣುತ್ತದೆ. ಆದರೆ ಅದರಲ್ಲಿ ಹಸಿರು, ಕೆಂಪು ಎಂಬ ಭೇದವಿಲ್ಲ.

[ನೀರಿನ ಮೇಲೆ ವೇಗವಾಗಿ ಸುಳಿಯುವ ನೆರಳುಗಳು. ನಿಧಾನಗತಿಯ ಚಿತ್ರ.]

ನೀರಿನ ಮೇಲೆ ಗೆರೆ ಎಳೆದಂತೆ ಸಾಗುತ್ತಿರುವುದು ಬಾವಲಿ. ಅದು ದಡಕ್ಕೆ ಇಳಿಯುವುದೇ ಇಲ್ಲ. ಹಾರುತ್ತಲೇ ಬಾಯಿ ತೆರೆದು ನೀರಿನ ಮೈಯನ್ನು ಸವರಿ, ಒಂದು ಗುಟುಕು ತೆಗೆದುಕೊಂಡು ಮೇಲೇಳುತ್ತದೆ. ಅದು ಸವರಿದ ಜಾಗದಲ್ಲಿ ಉಳಿಯುವುದು ತೆಳುವಾದ ಒಂದು ಗೀರು, ಅಷ್ಟೆ.

[ರಾತ್ರಿ 9.00. ಮರಗಳ ಹಿಂದೆ ಚಂದ್ರ. ಒಣ ಎಲೆಗಳ ಮೇಲೆ ಗರಗರ ಸದ್ದು.]

ಹುಣ್ಣಿಮೆ ಕಳೆದು ಮೂರು ದಿನವಾಗಿರುವುದರಿಂದ ಚಂದ್ರ ತಡವಾಗಿ ಹುಟ್ಟಿದ್ದಾನೆ. ಈ ಗರಗರ ಸದ್ದು ಮಾಡಿಕೊಂಡು, ಯಾರಿಗೂ ಅಂಜದವರಂತೆ ಬರುತ್ತಿರುವುದು ಮುಳ್ಳುಹಂದಿಗಳ ಜೋಡಿ. ಮುಳ್ಳುಹಂದಿ ಬಾಣದಂತೆ ಮುಳ್ಳು ಎಸೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮುಳ್ಳುಗಳೆಂದರೆ ದಪ್ಪವಾಗಿ ಗಟ್ಟಿಯಾದ ಕೂದಲುಗಳೇ. ಅವು ಸಡಿಲವಾಗಿರುವುದರಿಂದ ಮುಟ್ಟಿದವರ ಮೈಯಲ್ಲಿ ನಾಟಿಕೊಂಡು ಉಳಿಯುತ್ತವೆ. ಬೆದರಿದಾಗ ಅದು ಬಾಲದ ಟೊಳ್ಳು ಮುಳ್ಳುಗಳನ್ನು ಅಲುಗಿಸಿ ಸದ್ದು ಮಾಡುತ್ತದೆ, ಆಮೇಲೂ ಬಿಡದಿದ್ದರೆ ಹಿಮ್ಮುಖವಾಗಿ ನುಗ್ಗುತ್ತದೆ. ಬೆನ್ನೇ ಆಯುಧವಾಗಿರುವವರು ತಲೆ ತಗ್ಗಿಸಲು ಅಷ್ಟಾಗಿ ಹೆದರಬೇಕಾಗಿಲ್ಲ.

[ರಾತ್ರಿ 10.20. ನಿಶ್ಶಬ್ದ. ಒಂದು ಕೊಂಬೆ ಮುರಿಯುವ ಸದ್ದು. ಬೂದು ಬಣ್ಣದ ದೊಡ್ಡ ಆಕಾರ.]

ಉಸಿರು ಬಿಗಿಹಿಡಿಯಿರಿ. ಆನೆಗಳು.

ಇಷ್ಟು ದೊಡ್ಡ ಪ್ರಾಣಿ ಹೆಜ್ಜೆಯ ಸದ್ದೇ ಇಲ್ಲದೆ ಬರುವುದನ್ನು ಎಷ್ಟು ಸಲ ನೋಡಿದರೂ ನನಗೆ ನಂಬಿಕೆ ಬರುವುದಿಲ್ಲ. ಅದರ ಪಾದದೊಳಗೆ ಕೊಬ್ಬಿನ ದಪ್ಪ ಮೆತ್ತೆಯಿದೆ. ನೆಲಕ್ಕೆ ಊರಿದಾಗ ಅದು ಹರಡಿಕೊಂಡು ಸದ್ದನ್ನು ನುಂಗುತ್ತದೆ. ಮುಂದೆ ಬರುತ್ತಿರುವುದು ಗುಂಪಿನ ಹಿರಿಯ ಹೆಣ್ಣಾನೆ. ಅವಳು ಸೊಂಡಿಲನ್ನು ಮೇಲಕ್ಕೆತ್ತಿ, ತುದಿಯನ್ನು ಹಾವಿನ ಹೆಡೆಯಂತೆ ಬಾಗಿಸಿ ಗಾಳಿಯನ್ನು ಮೂಸುತ್ತಿದ್ದಾಳೆ.

[ಸೊಂಡಿಲಿನ ತುದಿ ನಮ್ಮತ್ತ ತಿರುಗಿ ನಿಲ್ಲುತ್ತದೆ.]

ಇದೇ ಗಳಿಗೆಯಲ್ಲಿ ನಮ್ಮ ಅಟ್ಟಣೆಯಲ್ಲಿ ಒಬ್ಬರು ಚೀಲದ ಜಿಪ್ ಎಳೆದರು. ಬೆರಳಗಲದಷ್ಟೇ ಎಳೆದದ್ದು, ಅಷ್ಟಕ್ಕೇ ಹಿರಿಯಾನೆಯ ಕಿವಿಗಳು ಅಗಲವಾಗಿ ಹರಡಿಕೊಂಡವು. ನಾಲ್ಕು ನಿಮಿಷ ಅವಳು ಅಲುಗಲಿಲ್ಲ, ನಾವೂ ಅಲುಗಲಿಲ್ಲ. ಆಮೇಲೆ ಗಾಳಿಯಲ್ಲಿ ನಮ್ಮ ಸುಳಿವು ಸಿಗದೆ ಅವಳು ನೀರಿನತ್ತ ನಡೆದಳು. ಜಿಪ್ ಎಳೆದವರು ಯಾರೆಂದು ನಾನು ಹೇಳುವುದಿಲ್ಲ, ಅವರು ಈಗಲೂ ನನ್ನ ಪಕ್ಕದಲ್ಲೇ ಕುಳಿತಿದ್ದಾರೆ.

[ಆನೆಗಳು ನೀರಿನಂಚಿನಲ್ಲಿ. ಸೊಂಡಿಲು ನೀರಿಗೆ ಇಳಿದು, ಬಾಯಿಗೆ ಏರುವ ಹತ್ತಿರದ ಚಿತ್ರ.]

ಆನೆ ಸೊಂಡಿಲಿನಿಂದ ನೀರು ಕುಡಿಯುತ್ತದೆ ಎಂದು ನಾವು ಹೇಳುತ್ತೇವೆ, ಆದರೆ ಸೊಂಡಿಲು ಎಂದರೆ ಮೂಗು. ಮೂಗಿನಿಂದ ನೀರು ಕುಡಿದರೆ ಏನಾಗುತ್ತದೆಂದು ಈಜು ಕಲಿಯುತ್ತಿರುವವರಿಗೆ ಚೆನ್ನಾಗಿ ಗೊತ್ತು. ಆನೆ ನೀರನ್ನು ಸೊಂಡಿಲಿನೊಳಗೆ ಎಳೆದುಕೊಂಡು, ಅಲ್ಲೇ ತಡೆದಿಟ್ಟು, ತುದಿಯನ್ನು ಬಾಯಿಗೆ ತಂದು ಸುರಿದುಕೊಳ್ಳುತ್ತದೆ. ದೊಡ್ಡ ಆನೆಯ ಸೊಂಡಿಲಿನಲ್ಲಿ ಒಂದು ಸಲಕ್ಕೆ ಸುಮಾರು 8 ಲೀಟರ್ ನೀರು ಹಿಡಿಯುತ್ತದೆ. ದಿನಕ್ಕೆ ಅದಕ್ಕೆ 100 ಲೀಟರಿಗೂ ಹೆಚ್ಚು ಬೇಕಾಗುತ್ತದೆ. ಈಗ ಅದರ ತಲೆ ಎಲ್ಲಿದೆ ಎಂಬುದನ್ನು ನೋಡಿ: ತಲೆ ಬಾಗಲೇ ಇಲ್ಲ. ಇಂದು ರಾತ್ರಿ ಇಲ್ಲಿಗೆ ಬಂದವರಲ್ಲಿ ದಡದಲ್ಲಿ ನೆಟ್ಟಗೆ ನಿಂತು, ನಾಲ್ಕೂ ಕಡೆ ನೋಡುತ್ತಾ ನೀರು ಕುಡಿದದ್ದು ಆನೆ ಮಾತ್ರ.

[ಎರಡು ದೊಡ್ಡ ಆನೆಗಳ ಕಾಲುಗಳ ನಡುವೆ ಮರಿ.]

ಈ ಮರಿಗೆ ಮಾತ್ರ ಆ ಸೌಲಭ್ಯ ಇನ್ನೂ ದೊರೆತಿಲ್ಲ. ಸೊಂಡಿಲಿನಲ್ಲಿ ಮೂಳೆಯಿಲ್ಲ, ಇರುವುದೆಲ್ಲ ಮಾಂಸಖಂಡ. ಅದನ್ನು ಹೇಳಿದಂತೆ ಕೇಳುವ ಹಾಗೆ ಮಾಡಿಕೊಳ್ಳಲು ಮರಿಗೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಅಲ್ಲಿಯವರೆಗೆ ಅದು ನೋಡಿ ಏನು ಮಾಡುತ್ತದೆ. ಸೊಂಡಿಲನ್ನು ನೀರಿನಲ್ಲಿ ಬಡಿಯಿತು, ಅತ್ತಿತ್ತ ಆಡಿಸಿತು, ಅದರಿಂದ ಏನೂ ಬಾಯಿಗೆ ಬರಲಿಲ್ಲ. ಕೊನೆಗೆ ಮುಂಗಾಲು ಮಡಿಸಿ, ಮೊಣಕಾಲೂರಿ, ಬಾಯನ್ನೇ ನೀರಿಗಿಟ್ಟಿತು. ಮರಿಯ ತಲೆ ಪೂರ್ತಿ ಕೆಳಗಿದೆ, ಅದಕ್ಕೆ ನೀರಿನ ಹೊರತು ಬೇರೇನೂ ಕಾಣುತ್ತಿಲ್ಲ, ಆದರೆ ಅದರ ಸುತ್ತ ಕಂಬಗಳಂತೆ ಎಂಟು ಕಾಲುಗಳು ನಿಂತಿವೆ.

[ಆನೆಗಳು ಹೊರಡುತ್ತವೆ. ತುಂಬಾ ತಗ್ಗಿದ ಗುಡುಗುಡು ಧ್ವನಿ.]

ಈ ಗುಡುಗುಡು ಸದ್ದು ಹೊಟ್ಟೆಯದಲ್ಲ, ಗಂಟಲಿನದು. ಇದರ ಒಂದು ಭಾಗ ಮಾತ್ರ ನಮಗೆ ಕೇಳಿಸುತ್ತದೆ. ಸೆಕೆಂಡಿಗೆ 20ಕ್ಕಿಂತ ಕಡಿಮೆ ಕಂಪನಗಳಿರುವ ಧ್ವನಿ ನಮ್ಮ ಕಿವಿಗೆ ನಿಲುಕುವುದಿಲ್ಲ. ಆನೆಗಳು ಅಂತಹ ಧ್ವನಿಯಲ್ಲಿ ದೂರದ ಆನೆಗಳೊಡನೆಯೂ ಮಾತನಾಡಿಕೊಳ್ಳುತ್ತವೆ.

[ರಾತ್ರಿ 12.50. ಖಾಲಿ ಹೊಂಡ. ಬಾಗಿದ ಕೊಂಬೆಯ ಮೇಲೆ ಮೀನುಗೂಬೆ.]

ಇದಾದ ಮೇಲೆ ಬಹಳ ಹೊತ್ತು ಯಾರೂ ಬರಲಿಲ್ಲ. ಒಂದು ಮೀನುಗೂಬೆ ಬಂದು ಕೊಂಬೆಯ ಮೇಲೆ ಕುಳಿತು ನೀರನ್ನು ನೋಡಿತು, ನೋಡುತ್ತಲೇ ಇತ್ತು. ಅದರ ಕಾಲುಗಳಲ್ಲಿ ಗರಿಗಳಿಲ್ಲ, ಅಂಗಾಲಿನಲ್ಲಿ ಜಾರುವ ಮೀನನ್ನು ಹಿಡಿದಿಡಲು ಮೊನಚಾದ ಸಣ್ಣ ಹುರುಪೆಗಳಿವೆ. ಇಂದು ಮೀನು ಸಿಗಲಿಲ್ಲ. ಅದು ಹಾರಿಹೋಯಿತು.

[ರಾತ್ರಿ 2.40. ಒಂಟಿ ಕಡವೆ ಕುಡಿಯುತ್ತಿದೆ. ದೂರದಲ್ಲಿ ಟಿಟ್ಟಿಭದ ಕೂಗು.]

ಟಿಟ್ಟಿಭ ನೆಲದ ಮೇಲೆ ಗೂಡು ಮಾಡುವ ಹಕ್ಕಿ, ಆದ್ದರಿಂದ ನೆಲದ ಮೇಲೆ ಯಾರು ನಡೆದರೂ ಅದಕ್ಕೆ ಚಿಂತೆ. ಅದು ಕೂಗಿದ ಕೂಡಲೇ ಕಡವೆ ತಲೆ ಎತ್ತಿತು. ಗದ್ದದಿಂದ ನೀರು ತೊಟ್ಟಿಕ್ಕುತ್ತಿದೆ, ಬಾಲ ನೆಟ್ಟಗೆ ನಿಂತಿದೆ, ಮುಂಗಾಲು ನೆಲವನ್ನು ಒದೆಯುತ್ತಿದೆ.

[ಕಡವೆಯ ಎಚ್ಚರಿಕೆಯ ಕೂಗು, ಎರಡು ಬಾರಿ. ಕಡವೆ ಕಾಡಿನೊಳಕ್ಕೆ ನುಗ್ಗುತ್ತದೆ. ಪೊದೆಯಲ್ಲಿ ಎರಡು ಹೊಳೆಯುವ ಬಿಂದುಗಳು.]

ಹೊಳೆಯುತ್ತಿರುವ ಆ ಎರಡು ಬಿಂದುಗಳು ಕಣ್ಣುಗಳು. ರಾತ್ರಿ ಸಂಚರಿಸುವ ಅನೇಕ ಪ್ರಾಣಿಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂತಹ ಒಂದು ಪದರವಿದೆ. ಒಳಗೆ ಬಂದ ಬೆಳಕನ್ನು ಅದು ಇನ್ನೊಮ್ಮೆ ಹಿಂದಕ್ಕೆ ಕಳುಹಿಸುವುದರಿಂದ ಮಂದ ಬೆಳಕಿನಲ್ಲೂ ಅವಕ್ಕೆ ಚೆನ್ನಾಗಿ ಕಾಣುತ್ತದೆ. ಈ ಕಣ್ಣುಗಳು ಪಕ್ಕದಲ್ಲಿಲ್ಲ, ಮುಂದಕ್ಕೆ ನೋಡುತ್ತಿವೆ. ಬೇಟೆ ಎಷ್ಟು ದೂರದಲ್ಲಿದೆ ಎಂದು ಅಳೆಯಬೇಕಾದವರ ಕಣ್ಣುಗಳು ಹೀಗಿರುತ್ತವೆ.

[ಹುಲಿ ಬಯಲಿಗೆ ಬರುತ್ತದೆ. ಹಿನ್ನೆಲೆಯಲ್ಲಿ ಯಾವ ಸಂಗೀತವೂ ಇರಬಾರದು.]

ಅದು ಕಡವೆಯ ಹಿಂದೆ ಓಡಲಿಲ್ಲ. ಕಂಡುಬಿಟ್ಟ ಮೇಲೆ ಓಡಿ ಪ್ರಯೋಜನವಿಲ್ಲ. ಹುಲಿ ಹೊಂಚು ಹಾಕಿ ಹತ್ತಿರದಿಂದ ಹಾರುವ ಪ್ರಾಣಿ. ಮೇಲಾಗಿ ಅದಕ್ಕೂ ಬಾಯಾರಿದೆ.

[ಹತ್ತಿರದ ಚಿತ್ರ: ನಾಲಿಗೆ. ನಿಧಾನಗತಿ.]

ನಾಲಿಗೆಯ ತುದಿ ಹಿಂದಕ್ಕೆ ಮಡಿಚಿ ನೀರಿನ ಮೈಯನ್ನು ಮುಟ್ಟುತ್ತದೆ, ತಟ್ಟನೆ ಮೇಲೇಳುತ್ತದೆ, ಅದರ ಜೊತೆಗೆ ನೀರಿನ ಒಂದು ಸಣ್ಣ ಕಂಬವೂ ಏಳುತ್ತದೆ. ಆ ಕಂಬ ಬೀಳುವುದರೊಳಗೆ ಬಾಯಿ ಮುಚ್ಚಿಕೊಳ್ಳುತ್ತದೆ. ಮನೆಯ ಬೆಕ್ಕು ಹಾಲು ಕುಡಿಯುವುದೂ ಹೀಗೆಯೇ, ಸೆಕೆಂಡಿಗೆ ಸುಮಾರು 4 ಬಾರಿ. ದೊಡ್ಡ ಬೆಕ್ಕುಗಳ ನಾಲಿಗೆ ಅದಕ್ಕಿಂತ ನಿಧಾನ. ಹುಲಿ ತಲೆ ತಗ್ಗಿಸಿಯೇ ಕುಡಿಯುತ್ತಿದೆ. ಆದರೆ ನೋಡಿ, ನಡುವೆ ಒಮ್ಮೆ ಅದೂ ತಲೆ ಎತ್ತಿ ಹಿಂದಿರುಗಿ ನೋಡಿತು.

[ಬೆಳಗ್ಗೆ 5.50. ಚಿತ್ರಕ್ಕೆ ಬಣ್ಣ ಮರಳುತ್ತದೆ. ಪಶ್ಚಿಮದಲ್ಲಿ ಮಂಕಾದ ಚಂದ್ರ. ನವಿಲಿನ ಕೂಗು.]

ಬೆಳಗಾಯಿತು. ಹೊಂಡದಂಚಿನ ಕೆಸರಿನಲ್ಲಿ ರಾತ್ರಿ ಬಂದವರೆಲ್ಲರ ಗುರುತುಗಳಿವೆ. ತಟ್ಟೆಯಂತಹ ದುಂಡು ಗುರುತು ಆನೆಯದು. ನಾಲ್ಕು ಬೆರಳುಗಳ, ಆದರೆ ಉಗುರಿನ ಗುರುತೇ ಇಲ್ಲದ ಹೆಜ್ಜೆ ಹುಲಿಯದು; ನಡೆಯುವಾಗ ಅದು ಉಗುರುಗಳನ್ನು ಒಳಕ್ಕೆ ಎಳೆದುಕೊಂಡಿರುತ್ತದೆ.

[ಹತ್ತಿರದ ಚಿತ್ರ: ಹುಲಿಯ ಹೆಜ್ಜೆಯೊಳಗೆ ಎರಡು ಸೀಳಿನ ಪುಟ್ಟ ಗೊರಸಿನ ಗುರುತು.]

ಇದನ್ನು ಸ್ವಲ್ಪ ಹೊತ್ತು ನೋಡಿ. ಹುಲಿಯ ಹೆಜ್ಜೆಯ ಅಂಚು ಒಂದು ಕಡೆ ಕುಸಿದಿದೆ, ಏಕೆಂದರೆ ಅದರ ಮೇಲೆ ಜಿಂಕೆಮರಿಯೊಂದು ಕಾಲಿಟ್ಟಿದೆ. ಹಾಗಾದರೆ ಇಬ್ಬರಲ್ಲಿ ಮೊದಲು ಬಂದವರು ಯಾರು, ಆಮೇಲೆ ಬಂದವರು ಯಾರು? ನಾವು ಕ್ಯಾಮೆರಾದ ಬ್ಯಾಟರಿ ಬದಲಾಯಿಸುತ್ತಿದ್ದ ಐದು ನಿಮಿಷದಲ್ಲಿ ಅದು ಬಂದು, ಕುಡಿದು, ಹೋಗಿಬಿಟ್ಟಿದೆ. ಗೊರಸಿನ ಗುಳಿಯಲ್ಲಿ ನೀರು ಇನ್ನೂ ಜಿನುಗುತ್ತಿದೆ.

[ಗುಳಿಯಲ್ಲಿ ನೀರು ತುಂಬುತ್ತದೆ. ಒಂದು ಜೇನುನೊಣ ಅದರ ಅಂಚಿಗೆ ಇಳಿದು ಕುಡಿಯತೊಡಗುತ್ತದೆ. ಚಿತ್ರ ಮುಗಿಯುತ್ತದೆ.]