ಎಫ್‌ಡಿ ಎಂದು ಹೇಳಿ ಮಾರಿದ ಪಾಲಿಸಿ: ದೂರು ಮತ್ತು ಹಣ ವಾಪಸಾತಿಗೆ ಮನವಿ

ದಿನಾಂಕ: 24 ಜೂನ್ 2025

ಇವರಿಗೆ,
ದೂರು ಪರಿಹಾರ ಅಧಿಕಾರಿಗಳು,
ಜೀವ ವಿಮಾ ಕಂಪನಿಯ ಮುಖ್ಯ ಕಚೇರಿ

ಪ್ರತಿ: ಪಾಲಿಸಿ ಮಾರಿದ ಬ್ಯಾಂಕ್ ಶಾಖೆಯ ಮ್ಯಾನೇಜರ್

ವಿಷಯ: ಪಾಲಿಸಿ ಸಂಖ್ಯೆ 0047185263 ಅನ್ನು ಫ್ರೀ ಲುಕ್ ಅವಧಿಯಲ್ಲೇ ರದ್ದು ಮಾಡಿ, ಕಟ್ಟಿಸಿಕೊಂಡ ₹3,13,500 ಹಿಂತಿರುಗಿಸುವ ಬಗ್ಗೆ

ಮಾನ್ಯರೇ,

ಮೇಲಿನ ಪಾಲಿಸಿ ನನಗೆ ಬೇಡ. ಅದರ ಪುಸ್ತಕ ಸ್ಪೀಡ್ ಪೋಸ್ಟ್‌ನಲ್ಲಿ ನನ್ನ ಕೈ ಸೇರಿದ್ದು ಜೂನ್ 12ರಂದು. ಪಾಲಿಸಿ ಕೈ ಸೇರಿದ ದಿನದಿಂದ 30 ದಿನಗಳ ಒಳಗೆ ಅದನ್ನು ವಾಪಸ್ ಕೊಡುವ ಹಕ್ಕು ನನಗಿದೆ. ಆ ಅವಧಿ ಇನ್ನೂ ಮುಗಿದಿಲ್ಲ. ಈ ಪತ್ರವನ್ನೇ ನನ್ನ ರದ್ದತಿ ಅರ್ಜಿ ಎಂದು ತೆಗೆದುಕೊಳ್ಳಿ.

ಯಾಕೆ ಬೇಡ ಅನ್ನುವುದನ್ನೂ ಹೇಳಬೇಕು. ನನಗೆ 61 ವರ್ಷ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಬರುವ ಕುಟುಂಬ ಪಿಂಚಣಿ ತಿಂಗಳಿಗೆ ₹18,400. ಬೇರೆ ಆದಾಯ ಇಲ್ಲ. ಅವರ ನಿವೃತ್ತಿ ಹಣವನ್ನು ಇಟ್ಟಿದ್ದ ಎಫ್‌ಡಿ ಮುಗಿದಿತ್ತು. ಅದನ್ನು ಮುಂದುವರಿಸಲು ಜೂನ್ 2ರಂದು ಬ್ಯಾಂಕಿಗೆ ಹೋದೆ. ಕೌಂಟರ್‌ನಲ್ಲಿದ್ದವರು ಒಳಗೆ ಕೂತಿದ್ದ ಇನ್ನೊಬ್ಬ ಸಿಬ್ಬಂದಿಯ ಹತ್ತಿರ ಕಳಿಸಿದರು. 'ಅಮ್ಮಾ, ಇದೂ ಎಫ್‌ಡಿನೇ, ಬಡ್ಡಿ ಮಾತ್ರ ಜಾಸ್ತಿ. ಒಂದೇ ಸಲ ಕಟ್ಟಿದರೆ ಸಾಕು, ಐದು ವರ್ಷಕ್ಕೆ ಕೈಗೆ ಬರುತ್ತೆ' ಎಂದು ಅವರು ಹೇಳಿದರು. ಹಣ ಕಟ್ಟುವ ಚಲನ್ ಒಂದರ ಹಿಂದೆ ತಮ್ಮ ಕೈಯಾರೆ '3 ಲಕ್ಷ, 5 ವರ್ಷ, 9% ಗ್ಯಾರಂಟಿ' ಎಂದು ಬರೆದೂ ಕೊಟ್ಟರು. ಆ ಚೀಟಿ ನನ್ನ ಬಳಿ ಇದೆ, ನಕಲು ಲಗತ್ತಿಸಿದ್ದೇನೆ. ₹13,500 ಯಾಕೆ ಜಾಸ್ತಿ ಹೋಯಿತು ಎಂದು ಕೇಳಿದ್ದಕ್ಕೆ, ಟ್ಯಾಕ್ಸ್, ಕೊನೆಯಲ್ಲಿ ಸೇರಿ ಬರುತ್ತೆ ಎಂದರು. ವಿಮೆ ಅನ್ನುವ ಮಾತೇ ಅಲ್ಲಿ ಬರಲಿಲ್ಲ.

ಪಾಲಿಸಿ ಪುಸ್ತಕದಲ್ಲಿ ಇರುವುದೇ ಬೇರೆ. ಪ್ರತಿ ವರ್ಷ ₹3 ಲಕ್ಷ ಪ್ರೀಮಿಯಂ, ಅದೂ 10 ವರ್ಷ ಕಟ್ಟಬೇಕು. ನನ್ನ ಇಡೀ ವರ್ಷದ ಪಿಂಚಣಿ ಸೇರಿಸಿದರೆ ₹2,20,800. ಹೊಟ್ಟೆಬಟ್ಟೆಗೆ ಏನೂ ಇಟ್ಟುಕೊಳ್ಳದೆ ಪೂರ್ತಿ ಕೊಟ್ಟರೂ ಒಂದು ಕಂತಿಗೆ ಸಾಲುವುದಿಲ್ಲ! ಗ್ಯಾರಂಟಿ 9% ಎಲ್ಲೂ ಇಲ್ಲ. ಲಾಭದ ಪಟ್ಟಿಯಲ್ಲಿ 4% ಮತ್ತು 8% ಎಂಬ ಎರಡು ಅಂದಾಜು ಇವೆ, ಬೋನಸ್ ಖಚಿತವಲ್ಲ ಎಂದು ಕೆಳಗೆ ಬರೆದಿದೆ. ಸಹಿಗೆ ಮೊದಲು ಈ ಪಟ್ಟಿಯನ್ನು ನನಗೆ ಯಾರೂ ತೋರಿಸಿರಲಿಲ್ಲ.

ಪುಸ್ತಕದ ಜೊತೆ ಬಂದ ಪ್ರಸ್ತಾವನೆ ಫಾರಂ ನೋಡಿ ನನಗೆ ಇನ್ನೂ ಸಂಕಟವಾಯಿತು. ಉದ್ಯೋಗ: ವ್ಯಾಪಾರ. ವಾರ್ಷಿಕ ಆದಾಯ: ₹12 ಲಕ್ಷ. ಇದನ್ನು ನಾನು ಹೇಳಿಲ್ಲ, ಬರೆದೂ ಇಲ್ಲ. ಫಾರಂ ಅನ್ನು ಸಿಬ್ಬಂದಿಯೇ ಟ್ಯಾಬ್‌ನಲ್ಲಿ ತುಂಬಿ, ಫೋನಿಗೆ ಬಂದ ಒಟಿಪಿ ಕೇಳಿ ಪಡೆದರು. ನನ್ನ ಪಿಂಚಣಿ ಜಮೆಯಾಗುವುದು ಅದೇ ಶಾಖೆಯ ಖಾತೆಗೆ. ಅಂದರೆ ನನ್ನ ನಿಜವಾದ ಆದಾಯ ಎಷ್ಟು ಅನ್ನುವುದು ಅವರ ಕಣ್ಣೆದುರಿಗೇ ಇತ್ತು, ಅಲ್ವಾ? ಗೊತ್ತಿದ್ದೂ ಹೀಗೆ ತುಂಬಿದ್ದನ್ನು ಕೈತಪ್ಪು ಎಂದು ನಾನು ಒಪ್ಪುವುದಿಲ್ಲ. ನಿಮ್ಮ ಕಂಪನಿಯಿಂದ ಬರುವ ಖಾತ್ರಿ ಕರೆಗೆ ಎಲ್ಲದಕ್ಕೂ 'ಹೌದು' ಅನ್ನಿ, ಇಲ್ಲದಿದ್ದರೆ ಎಫ್‌ಡಿ ಶುರುವಾಗಲ್ಲ ಎಂದು ಮೊದಲೇ ಹೇಳಿಕೊಟ್ಟಿದ್ದರು. ಆ ಕರೆಯ ರೆಕಾರ್ಡಿಂಗ್ ಅಳಿಸದೆ ಇಟ್ಟು, ಅದರ ಪ್ರತಿಯನ್ನು ನನಗೂ ಕೊಡಿ.

ನಾನು ಕೇಳುವುದು ಇಷ್ಟು. ಪಾಲಿಸಿ ರದ್ದು ಮಾಡಿ, ತೆರಿಗೆಯೂ ಸೇರಿದಂತೆ ₹3,13,500 ಅನ್ನು ಅದು ಕಡಿತವಾದ ಉಳಿತಾಯ ಖಾತೆಗೇ ಜಮೆ ಮಾಡಿ. ರಕ್ಷಣೆ ಇದ್ದ ದಿನಗಳ ಅಪಾಯ ಪ್ರೀಮಿಯಂ ಮತ್ತು ಸ್ಟಾಂಪ್ ಶುಲ್ಕ ಹಿಡಿದುಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಹಿಡಿದರೆ ಯಾವುದಕ್ಕೆ ಎಷ್ಟು ಎಂದು ಬರೆದು ತಿಳಿಸಿ. ವೈದ್ಯಕೀಯ ಪರೀಕ್ಷೆ ಮಾಡಿಸಿಲ್ಲ, ಆ ಹೆಸರಿನಲ್ಲಿ ಏನೂ ಕಡಿಯುವಂತಿಲ್ಲ. ಮುಂದಿನ ವರ್ಷದ ಕಂತಿಗೆ ಹಾಕಿರುವ ಆಟೋ ಡೆಬಿಟ್ ಕೂಡ ಈಗಲೇ ನಿಲ್ಲಬೇಕು. ಇದರ ಬದಲು ಬೇರೆ ಪಾಲಿಸಿ ತೆಗೆದುಕೊಳ್ಳಿ ಎಂದು ದಯವಿಟ್ಟು ಯಾರನ್ನೂ ಮನೆಗೆ ಕಳಿಸಬೇಡಿ.

ಹಣ ವಾಪಸ್ ಬಂದ ಮಾತ್ರಕ್ಕೆ ದೂರು ಮುಗಿಯಿತು ಎಂದು ಮುಚ್ಚಬೇಡಿ. ಸುಳ್ಳು ವಿವರ ತುಂಬಿದ್ದರ ಬಗ್ಗೆ ವಿಚಾರಣೆ ಮಾಡಿ, ಏನು ಕ್ರಮ ಕೈಗೊಂಡಿರಿ ಎಂದು ಲಿಖಿತವಾಗಿ ತಿಳಿಸಿ. ಅದೇ ಶಾಖೆಗೆ ಪಿಂಚಣಿಗೆಂದು ಬರುವ ನನ್ನಂಥ ವಯಸ್ಸಾದವರು ಬೇಕಾದಷ್ಟು ಜನ ಇದ್ದಾರೆ.

ಫ್ರೀ ಲುಕ್ ಅರ್ಜಿ ತಲುಪಿದ 7 ದಿನಗಳಲ್ಲಿ ಹಣ ವಾಪಸ್ ಮಾಡಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಹೇಳಿದೆ. ಅಷ್ಟರೊಳಗೆ ಆಗದಿದ್ದರೆ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ದಾಖಲಿಸುತ್ತೇನೆ. ಅಲ್ಲೂ ಬಗೆಹರಿಯದಿದ್ದರೆ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗುತ್ತೇನೆ.

ಈ ಪತ್ರ ತಲುಪಿದ್ದಕ್ಕೆ ದೂರು ಸಂಖ್ಯೆ ಸಹಿತ ಸ್ವೀಕೃತಿ ಕಳಿಸಿ.

ಇಂತಿ,
ಎಂ. ಸುಮಿತ್ರಾ
(ಪಾಲಿಸಿದಾರರು)

ಲಗತ್ತು: ಮೂಲ ಪಾಲಿಸಿ ಪುಸ್ತಕ, ಸ್ಪೀಡ್ ಪೋಸ್ಟ್ ಲಕೋಟೆಯ ನಕಲು, ಚಲನ್ ಹಿಂಬದಿಯ ಕೈಬರಹದ ನಕಲು, ಪಿಂಚಣಿ ಜಮೆ ಕಾಣುವ ಪಾಸ್‌ಬುಕ್ ಪುಟಗಳು, ರದ್ದಾದ ಚೆಕ್, ಗುರುತಿನ ಚೀಟಿಯ ನಕಲು.