ವಿಧಾನಗಳು: ಎ549 ಸೆಲ್‌ಗಳ ಪ್ಯಾಸೇಜಿಂಗ್, ಸೀಡಿಂಗ್ ಸಾಂದ್ರತೆ ಮತ್ತು ಕಂಟಾಮಿನೇಶನ್ ತಪಾಸಣೆ

ಸೆಲ್‌ಗಳು ಮತ್ತು ಮೀಡಿಯಂ

ಮನುಷ್ಯರ ಶ್ವಾಸಕೋಶದ ಕ್ಯಾನ್ಸರ್‌ನಿಂದ ಬಂದ ಎ549 ಸೆಲ್‌ಗಳನ್ನು ಬಳಸಿದೆವು. ಮುಂದೆ 72 ಗಂಟೆಯ ಔಷಧಿ ಪರೀಕ್ಷೆ ಮಾಡಬೇಕಿತ್ತು. ಅದಕ್ಕೆ 96 ವೆಲ್ ಪ್ಲೇಟ್‌ನಲ್ಲಿ ಒಂದು ವೆಲ್‌ಗೆ ಎಷ್ಟು ಸೆಲ್ ಹಾಕಬೇಕು ಎಂದು ಗೊತ್ತುಮಾಡುವುದೇ ಈ ಪ್ರಯೋಗದ ಗುರಿ.

ಮೀಡಿಯಂ ಡಿಎಂಇಎಂ (ಲೀಟರಿಗೆ 4.5 ಗ್ರಾಂ ಗ್ಲೂಕೋಸ್), ಜೊತೆಗೆ ಶೇ. 10 ಎಫ್‌ಬಿಎಸ್. ಸೀರಂ ಎಲ್ಲಾ ಒಂದೇ ಬ್ಯಾಚಿನದು. ಇನ್‌ಕ್ಯುಬೇಟರ್ 37 ಡಿಗ್ರಿ, ಶೇ. 5 ಕಾರ್ಬನ್ ಡೈಆಕ್ಸೈಡ್. ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್ ಯಾವ ಹಂತದಲ್ಲೂ ಸೇರಿಸಲಿಲ್ಲ. ಆ್ಯಂಟಿಬಯೋಟಿಕ್ ಇದ್ದರೆ ಸಣ್ಣ ಮಟ್ಟದ ಬ್ಯಾಕ್ಟೀರಿಯಾ ಸಾಯದೆ, ಕಣ್ಣಿಗೂ ಬೀಳದೆ ವಾರಗಟ್ಟಲೆ ಕೂತಿರಬಹುದು. ಮೈಕೋಪ್ಲಾಸ್ಮಾಕ್ಕಂತೂ ಸೆಲ್ ವಾಲ್ ಇಲ್ಲ, ಪೆನಿಸಿಲಿನ್ ಅದನ್ನು ಏನೂ ಮಾಡುವುದಿಲ್ಲ.

ಫ್ರೀಜ್ ಮಾಡಿದ ವಯಲ್ ಕರಗಿಸಿದ ಮೇಲೆ ಮೊದಲ ಮೂರು ಪ್ಯಾಸೇಜ್ ಸೆಲ್‌ಗಳನ್ನು ಪ್ರಯೋಗಕ್ಕೆ ತೆಗೆದುಕೊಳ್ಳಲಿಲ್ಲ. 15ನೇ ಪ್ಯಾಸೇಜ್ ದಾಟಿದವನ್ನು ಎಸೆದು ಹೊಸ ವಯಲ್ ತೆಗೆದೆವು.

ಪ್ಯಾಸೇಜಿಂಗ್

ಟಿ-75 ಫ್ಲಾಸ್ಕ್ ಶೇ. 75ರಿಂದ 80ರಷ್ಟು ತುಂಬಿದಾಗ ಪ್ಯಾಸೇಜ್ ಮಾಡಿದೆವು. ಸಾಮಾನ್ಯವಾಗಿ ಇದು ಮೂರು ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು. ಆದರೆ ದಿನ ಎಣಿಸಿ ಮಾಡಲಿಲ್ಲ, ಮೈಕ್ರೋಸ್ಕೋಪ್‌ನಲ್ಲಿ ನೋಡಿಯೇ ತೀರ್ಮಾನಿಸಿದೆವು. ಪೂರ್ತಿ ತುಂಬಿ ಒತ್ತೊತ್ತಾಗಿ ನಿಂತ ಫ್ಲಾಸ್ಕ್‌ನ ಸೆಲ್‌ಗಳು ಮುಂದಿನ ಸಲ ನಿಧಾನವಾಗಿ ಏಳುತ್ತವೆ. ಅಂಥವನ್ನು ಪ್ಲೇಟ್ ಮಾಡಲು ಬಳಸಲಿಲ್ಲ.

ಹಳೆ ಮೀಡಿಯಂ ಹೀರಿ ತೆಗೆದು, ಕ್ಯಾಲ್ಸಿಯಂ ಮೆಗ್ನೀಸಿಯಂ ಇಲ್ಲದ ಪಿಬಿಎಸ್‌ನಿಂದ 10 ಮಿ.ಲೀ.ನಂತೆ ಎರಡು ಸಲ ತೊಳೆದೆವು. ಎರಡನೇ ತೊಳೆತ ಸುಮ್ನೆ ಅಲ್ಲ. ಉಳಿದ ಸೀರಂ ಟ್ರಿಪ್ಸಿನ್‌ನ ಕೆಲಸವನ್ನೇ ತಡೆಯುತ್ತದೆ. ನಂತರ ಶೇ. 0.25 ಟ್ರಿಪ್ಸಿನ್-ಇಡಿಟಿಎ 2 ಮಿ.ಲೀ. ಹಾಕಿ, ತಳವೆಲ್ಲ ನೆನೆಯುವಂತೆ ಫ್ಲಾಸ್ಕ್ ವಾಲಿಸಿ, 37 ಡಿಗ್ರಿಯಲ್ಲಿ 3 ನಿಮಿಷ ಇಟ್ಟೆವು. ಹೊರತೆಗೆದು ನೋಡಿದಾಗ ಸೆಲ್‌ಗಳು ಚಾಚಿದ ಅಂಚು ಎಳೆದುಕೊಂಡು, ಗುಂಡಗಾಗಿ, ಸುತ್ತಲೂ ಬೆಳಕಿನ ಉಂಗುರ ಕಾಣಬೇಕು. ಫ್ಲಾಸ್ಕ್ ಓರೆ ಮಾಡಿದರೆ ಅವು ತಾವಾಗಿಯೇ ಜಾರಬೇಕು. ಜಾರದಿದ್ದರೆ ಇನ್ನೊಂದು ನಿಮಿಷ ಇಟ್ಟೆವು, ಒಟ್ಟು 5 ನಿಮಿಷ ಮೀರಲಿಲ್ಲ. ಫ್ಲಾಸ್ಕ್ ಜೋರಾಗಿ ತಟ್ಟಲಿಲ್ಲ. ತಟ್ಟಿದರೆ ಸೆಲ್‌ಗಳು ಹಾಳೆಹಾಳೆಯಾಗಿ ಎದ್ದು ಗಂಟು ಕಟ್ಟುತ್ತವೆ, ಆಮೇಲೆ ಎಣಿಕೆಗೆ ಅರ್ಥವೇ ಇರುವುದಿಲ್ಲ.

6 ಮಿ.ಲೀ. ಮೀಡಿಯಂ ಹಾಕಿ ಟ್ರಿಪ್ಸಿನ್ ನಿಲ್ಲಿಸಿ, 200 ಜಿ ಬಲದಲ್ಲಿ 5 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಪೆಲೆಟ್ ಅನ್ನು 8 ಮಿ.ಲೀ. ಹೊಸ ಮೀಡಿಯಂನಲ್ಲಿ ಬಿಡಿಸಿದೆವು. ಹೊಸ ಫ್ಲಾಸ್ಕ್‌ಗೆ 1:5, 1:10 ಎಂಬ ಅಂದಾಜಿನಲ್ಲಿ ಹಾಕದೆ, ಪ್ರತಿ ಸಲವೂ ಎಣಿಸಿ ಚ.ಸೆಂ.ಮೀ.ಗೆ 10,000ದಂತೆ 7.5 ಲಕ್ಷ ಸೆಲ್ ಹಾಕಿದೆವು. ಇದರಿಂದ ಪ್ರತಿ ಪ್ಯಾಸೇಜ್‌ನಲ್ಲಿ ಸೆಲ್‌ಗಳು ಎಷ್ಟು ಸಲ ದ್ವಿಗುಣವಾದವು ಎಂಬ ಲೆಕ್ಕವೂ ಸಿಕ್ಕಿತು:

```
PD = log10(N / N0) / log10(2)
```

ಇಲ್ಲಿ N0 ಹಾಕಿದ ಸೆಲ್‌ಗಳ ಸಂಖ್ಯೆ, N ತೆಗೆದ ಸಂಖ್ಯೆ. ಒಂದು ದ್ವಿಗುಣಕ್ಕೆ ಬೇಕಾದ ಸಮಯ ಹಿಂದಿನ ಪ್ಯಾಸೇಜ್‌ಗಿಂತ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿಯಾದರೆ, ಆ ಫ್ಲಾಸ್ಕ್ ಬದಿಗಿಟ್ಟು ಮೈಕೋಪ್ಲಾಸ್ಮಾ ಪರೀಕ್ಷೆಗೆ ಕಳಿಸಿದೆವು.

ಎಣಿಕೆ ಮತ್ತು ಸೀಡಿಂಗ್

ಸೆಲ್ ಸಸ್ಪೆನ್ಶನ್ ಮತ್ತು ಶೇ. 0.4 ಟ್ರಿಪಾನ್ ಬ್ಲೂ ಸಮಪಾಲು ಬೆರೆಸಿ, 3 ನಿಮಿಷದೊಳಗೆ ಹೀಮೋಸೈಟೋಮೀಟರ್‌ನಲ್ಲಿ ಎಣಿಸಿದೆವು. ಜಾಸ್ತಿ ಹೊತ್ತು ಬಿಟ್ಟರೆ ಬದುಕಿದ ಸೆಲ್ಲೂ ನೀಲಿಯಾಗುತ್ತದೆ. ನಾಲ್ಕು ಮೂಲೆಯ ದೊಡ್ಡ ಚೌಕಗಳನ್ನು ಎಣಿಸಿದೆವು. ಗೆರೆ ಮೇಲೆ ಕೂತ ಸೆಲ್‌ಗಳಲ್ಲಿ ಮೇಲಿನ ಮತ್ತು ಎಡಗಡೆಯ ಗೆರೆಯವನ್ನು ಮಾತ್ರ ಸೇರಿಸಿದೆವು. ಎರಡೂ ಚೇಂಬರ್ ಬೇರೆ ಬೇರೆಯಾಗಿ ತುಂಬಿಸಿ, ಎಣಿಕೆಯಲ್ಲಿ ಶೇ. 15ಕ್ಕಿಂತ ಹೆಚ್ಚು ಅಂತರ ಬಂದರೆ ಮತ್ತೆ ಎಣಿಸಿದೆವು. ಬದುಕಿದವು ಶೇ. 95ಕ್ಕಿಂತ ಕಡಿಮೆ ಇದ್ದರೆ ಆ ದಿನ ಪ್ಲೇಟ್ ಮಾಡಲಿಲ್ಲ.

ಒಂದು ಉದಾಹರಣೆ. ನಾಲ್ಕು ಚೌಕಗಳಲ್ಲಿ ಬದುಕಿದವು 52, 47, 55, 50. ಸತ್ತವು ಒಟ್ಟು 6. ಅಂದರೆ ಬದುಕಿದವು ಶೇ. 97. ಸರಾಸರಿ 51, ಡೈಲ್ಯೂಶನ್ 2, ಒಂದು ಚೌಕದ ಮೇಲಿನ ದ್ರವ 0.0001 ಮಿ.ಲೀ. ಹಾಗಾಗಿ:

```
51 × 2 × 10^4 = 1.02 × 10^6 / mL
```

ಹೋಲಿಸಿದ ಸಾಂದ್ರತೆಗಳು ವೆಲ್ಲಿಗೆ 1,000, 2,000, 4,000 ಮತ್ತು 8,000. ವೆಲ್ಲಿನ ತಳ 0.32 ಚ.ಸೆಂ.ಮೀ. ಇರುವುದರಿಂದ ಇವು ಚ.ಸೆಂ.ಮೀ.ಗೆ 3,125ರಿಂದ 25,000 ಆಗುತ್ತವೆ. ಮೇಲಿನ ಸಸ್ಪೆನ್ಶನ್‌ನ 0.94 ಮಿ.ಲೀ.ಗೆ 11.06 ಮಿ.ಲೀ. ಮೀಡಿಯಂ ಸೇರಿಸಿದರೆ ಮಿ.ಲೀ.ಗೆ 80,000. ಇದರಿಂದ 6 ಮಿ.ಲೀ. ತೆಗೆದು 6 ಮಿ.ಲೀ. ಮೀಡಿಯಂಗೆ ಸೇರಿಸುತ್ತಾ, ಹೀಗೆಯೇ ಅರ್ಧರ್ಧ ಮಾಡಿ ಉಳಿದ ಮೂರನ್ನೂ ಪಡೆದೆವು. ಪ್ರತಿ ವೆಲ್ಲಿಗೆ 100 ಮೈಕ್ರೋಲೀಟರ್.

ಪ್ಲೇಟಿನ ಅಂಚಿನ 36 ವೆಲ್‌ಗಳಲ್ಲಿ ನೀರು ಬೇಗ ಆವಿಯಾಗುತ್ತದೆ. ಅಲ್ಲಿ ಬರೀ ಪಿಬಿಎಸ್ ಹಾಕಿ, ಒಳಗಿನ 60ರಲ್ಲಿ ಪ್ರತಿ ಸಾಂದ್ರತೆಗೆ 12 ವೆಲ್, ಸೆಲ್ ಇಲ್ಲದ ಮೀಡಿಯಂಗೆ 12 ವೆಲ್ ಕೊಟ್ಟೆವು. ಸೆಲ್‌ಗಳು ಟ್ರೇಯಲ್ಲಿ ನೋಡನೋಡುತ್ತಲೇ ತಳಕ್ಕೆ ಇಳಿಯುತ್ತವೆ ಅಲ್ವಾ, ಅದಕ್ಕೇ ಪ್ರತಿ ಕಾಲಂಗೂ ಮುಂಚೆ ಪಿಪೆಟ್‌ನಿಂದ ಮೆಲ್ಲಗೆ ಕಲಸಿದೆವು. ತುಂಬಿಸಿದ ಪ್ಲೇಟನ್ನು ರೂಮಿನ ತಾಪಮಾನದಲ್ಲಿ ಸಮತಟ್ಟಾದ ಜಾಗದಲ್ಲಿ 20 ನಿಮಿಷ ಅಲ್ಲಾಡಿಸದೆ ಬಿಟ್ಟು, ಆಮೇಲೆ ಇನ್‌ಕ್ಯುಬೇಟರ್‌ಗೆ ಇಟ್ಟೆವು. ನೇರ ಒಳಗಿಟ್ಟರೆ ಸೆಲ್‌ಗಳು ವೆಲ್ಲಿನ ಅಂಚಿಗೆ ಸರಿದು ಉಂಗುರದಂತೆ ಕೂರುತ್ತವೆ.

24, 48, 72, 96 ಗಂಟೆಗೆ ಒಂದೊಂದು ಪ್ಲೇಟ್ ತೆಗೆದು ಎಂಟಿಟಿ ಮಾಡಿದೆವು: ಮಿ.ಲೀ.ಗೆ 5 ಮಿ.ಗ್ರಾಂ ದ್ರಾವಣ 10 ಮೈಕ್ರೋಲೀಟರ್, 3 ಗಂಟೆ, ನಂತರ ಮೀಡಿಯಂ ತೆಗೆದು 100 ಮೈಕ್ರೋಲೀಟರ್ ಡಿಎಂಎಸ್ಒ, 570 ನ್ಯಾನೊಮೀಟರ್‌ನಲ್ಲಿ ರೀಡಿಂಗ್. ಬೇರೆ ಬೇರೆ ಪ್ಯಾಸೇಜ್‌ನಿಂದ ಮೂರು ಸಲ ಮಾಡಿದೆವು. 12 ವೆಲ್ ಅಂದರೆ 12 ಪ್ರಯೋಗ ಅಲ್ಲ, ಹಾಗಾಗಿ ಲೆಕ್ಕದಲ್ಲಿ n ಅಂದರೆ 3. 72 ಗಂಟೆಗೂ ರೀಡಿಂಗ್‌ನ ಲಾಗ್ ನೇರವಾಗಿ ಏರುತ್ತಿದ್ದು, ತಳ ಶೇ. 90 ಮೀರಿ ತುಂಬದಿದ್ದ ಅತಿ ಹೆಚ್ಚಿನ ಸಾಂದ್ರತೆಯನ್ನು ಆರಿಸುವುದು ಎಂದು ಮೊದಲೇ ನಿಗದಿ ಮಾಡಿದ್ದೆವು.

ಕಂಟಾಮಿನೇಶನ್ ತಪಾಸಣೆ

ದಿನಾ ಬೆಳಿಗ್ಗೆ ಪ್ರತಿ ಫ್ಲಾಸ್ಕನ್ನು ಮೊದಲು ಬರಿಗಣ್ಣಿನಲ್ಲಿ, ನಂತರ ಫೇಸ್ ಕಾಂಟ್ರಾಸ್ಟ್‌ನಲ್ಲಿ ನೋಡಿದೆವು. ಮೀಡಿಯಂ ಮಬ್ಬಾಗಿದೆಯೇ, ಸೆಲ್ ಕಡಿಮೆ ಇದ್ದರೂ ಹಳದಿಗೆ ತಿರುಗಿದೆಯೇ, ಸೆಲ್‌ಗಳ ನಡುವೆ ಏನಾದರೂ ಚಲಿಸುತ್ತಿದೆಯೇ, ಮೊಗ್ಗೊಡೆದ ಯೀಸ್ಟ್ ಅಥವಾ ಫಂಗಸ್ ಎಳೆ ಇದೆಯೇ ಎಂದು ಗಮನಿಸಿದೆವು. ಪ್ರತಿ ಹೊಸ ಬಾಟಲಿ ಮೀಡಿಯಂನಿಂದ 5 ಮಿ.ಲೀ. ತೆಗೆದು, ಸೆಲ್ ಹಾಕದೆ, 37 ಡಿಗ್ರಿಯಲ್ಲಿ 3 ದಿನ ಇಟ್ಟು, ತಿಳಿಯಾಗಿಯೇ ಇದ್ದರೆ ಮಾತ್ರ ಬಾಟಲಿ ಬಳಸಿದೆವು.

ಮೈಕೋಪ್ಲಾಸ್ಮಾ ಈ ಕಣ್ಣಿನ ತಪಾಸಣೆಗೆ ಸಿಕ್ಕುವುದಿಲ್ಲ. ಮೀಡಿಯಂ ಮಬ್ಬಾಗುವುದಿಲ್ಲ, ಸೆಲ್ ಸಾಯಲೇಬೇಕೆಂದಿಲ್ಲ. ಮೇಲಾಗಿ ಅದು ಸೆಲ್‌ಗಳ ಮೆಟಬಾಲಿಸಂ ಬದಲಿಸುವುದರಿಂದ ಎಂಟಿಟಿ ರೀಡಿಂಗ್ ಸುಳ್ಳು ಹೇಳಬಹುದು. ಅದಕ್ಕಾಗಿ ವಯಲ್ ಕರಗಿಸಿದಾಗ, ಆಮೇಲೆ ಎರಡು ವಾರಕ್ಕೊಮ್ಮೆ, ಮತ್ತು ಪ್ರತಿ ಪ್ಲೇಟ್ ಮಾಡಿದ ದಿನ ಪಿಸಿಆರ್ ಮಾಡಿದೆವು. ಶೇ. 90 ತುಂಬಿ, ಮೂರು ದಿನ ಮೀಡಿಯಂ ಬದಲಿಸದ ಫ್ಲಾಸ್ಕ್‌ನಿಂದ ಮೇಲಿನ ದ್ರವ ತೆಗೆದು, 95 ಡಿಗ್ರಿಯಲ್ಲಿ 5 ನಿಮಿಷ ಕಾಯಿಸಿ, 16ಎಸ್ ಆರ್‌ಆರ್‌ಎನ್‌ಎ ಜೀನ್‌ನ ಪ್ರೈಮರ್‌ಗಳಿಂದ 35 ಸೈಕಲ್ ನಡೆಸಿದೆವು. ನೀರು, ಮೈಕೋಪ್ಲಾಸ್ಮಾ ಡಿಎನ್‌ಎ, ಮತ್ತು ಅದೇ ಡಿಎನ್‌ಎ ಬೆರೆಸಿದ ನಮ್ಮ ಸ್ಯಾಂಪಲ್ ಮೂರೂ ಪಕ್ಕದಲ್ಲೇ ಓಡಿದವು. ಬೆರೆಸಿದ ಸ್ಯಾಂಪಲ್‌ನಲ್ಲಿ ಬ್ಯಾಂಡ್ ಬರದಿದ್ದರೆ ರಿಯಾಕ್ಷನ್ ಅಡ್ಡಿಯಾಗಿದೆ ಎಂದರ್ಥ, ಅದನ್ನು ನೆಗೆಟಿವ್ ಎಂದು ಬರೆಯಲಿಲ್ಲ. ಬ್ಯಾಂಡ್ ಮಂದವಾಗಿ ಬಂದಾಗ ಕವರ್‌ಸ್ಲಿಪ್ ಮೇಲೆ ಬೆಳೆದ ಸೆಲ್‌ಗಳಿಗೆ ಹೋಕ್ಸ್ಟ್ 33258 ಬಣ್ಣ ಹಾಕಿ, ನ್ಯೂಕ್ಲಿಯಸ್ ಹೊರಗೆ ಸಣ್ಣ ಚುಕ್ಕೆಗಳಿವೆಯೇ ಎಂದು ನೋಡಿದೆವು.

ಬೇರೆ ಸೆಲ್ ಲೈನ್ ಬೆರೆತಿಲ್ಲ ಎಂದು ಖಚಿತಪಡಿಸಲು ಮೊದಲ ಮತ್ತು ಕೊನೆಯ ಪ್ಯಾಸೇಜ್‌ನಲ್ಲಿ ಎಸ್‌ಟಿಆರ್ ಪ್ರೊಫೈಲಿಂಗ್ ಮಾಡಿಸಿದೆವು. ಶೇ. 80 ಅಥವಾ ಹೆಚ್ಚು ಹೊಂದಿಕೆಯಾದರೆ ಒಪ್ಪಿದೆವು.

ಯಾವುದೇ ಫ್ಲಾಸ್ಕ್ ಪಾಸಿಟಿವ್ ಬಂದರೆ ಔಷಧಿ ಹಾಕಿ ಉಳಿಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಬ್ಲೀಚ್ ಹಾಕಿ 30 ನಿಮಿಷ ಬಿಟ್ಟು ಎಸೆದು, ಇನ್‌ಕ್ಯುಬೇಟರ್ ಮತ್ತು ಅದರ ನೀರಿನ ಟ್ರೇ ತೊಳೆದು, ಅದೇ ಇನ್‌ಕ್ಯುಬೇಟರ್‌ನಲ್ಲಿದ್ದ ಎಲ್ಲ ಫ್ಲಾಸ್ಕ್‌ಗಳನ್ನೂ ಪರೀಕ್ಷಿಸಿದೆವು. ಆ ಫ್ಲಾಸ್ಕ್‌ನ ಕೊನೆಯ ನೆಗೆಟಿವ್ ಪರೀಕ್ಷೆಯ ನಂತರ ಅದರಿಂದ ಮಾಡಿದ ಪ್ಲೇಟ್‌ಗಳ ರೀಡಿಂಗ್‌ಗಳನ್ನೆಲ್ಲ ಲೆಕ್ಕದಿಂದ ಬಿಟ್ಟೆವು, ಅವು ಎಷ್ಟೇ ಚೆನ್ನಾಗಿ ಕಂಡರೂ.